ಹೈಡ್ರಾಲಿಕ್ ಕಪ್ಲರ್ ಬಿಚ್ಚಲು ಬಾರದಿದ್ದರೆ: ಒಳಗೆ ಸಿಕ್ಕಿಕೊಂಡ ಪ್ರೆಶರ್ ಪತ್ತೆ ಮಾಡುವುದು, ಇಳಿಸುವುದು

ಟ್ರ್ಯಾಕ್ಟರ್ ಹಿಂದೆ ಹೈಡ್ರಾಲಿಕ್ ಪಲ್ಟಿ ನೇಗಿಲು ಇದೆ. ಎರಡು ಪೈಪ್‌ಗಳಲ್ಲಿ ಒಂದು ಕಾಲರ್ ಹಿಂದಕ್ಕೆ ಎಳೆದ ಕೂಡಲೇ ಕೈಗೆ ಬಂತು. ಇನ್ನೊಂದರ ಕಾಲರ್ ಕೂದಲೆಳೆಯಷ್ಟೂ ಸರಿಯುತ್ತಿಲ್ಲ. ಇಂಥ ಹೊತ್ತಿನಲ್ಲಿ ಕೈ ಹೋಗುವುದು ಸುತ್ತಿಗೆಯ ಕಡೆಗೆ, ಇಲ್ಲವೇ ಪೈಪ್ ಪಾನಾದ ಕಡೆಗೆ. ಎರಡೂ ಬೇಡ. ಹೆಚ್ಚಿನ ಸಲ ಕಪ್ಲರ್ ಚೆನ್ನಾಗಿಯೇ ಇರುತ್ತದೆ. ಪೈಪಿನೊಳಗೆ ಪ್ರೆಶರ್ ನಿಂತಿರುತ್ತದೆ, ಕಪ್ಲರ್ ತನ್ನ ಕೆಲಸ ತಾನು ಮಾಡುತ್ತಿರುತ್ತದೆ, ಅಷ್ಟೆ. ಹಾಗಾಗಿ ಹುಡುಕಬೇಕಾದ್ದು ಕಪ್ಲರ್‌ನ ದೋಷವನ್ನಲ್ಲ. ಆ ಪ್ರೆಶರನ್ನು ಯಾರು ಹಿಡಿದು ನಿಲ್ಲಿಸಿದ್ದಾರೆ ಎಂಬುದನ್ನು.

ಇಲ್ಲಿ ಹೇಳುವುದು ನಮ್ಮಲ್ಲಿ ಬಹುಪಾಲು ಟ್ರ್ಯಾಕ್ಟರ್‌ಗಳಲ್ಲಿರುವ ಅರ್ಧ ಇಂಚಿನ, ಗುಂಡು ಲಾಕ್ ಇರುವ ಕಪ್ಲರ್ ಬಗ್ಗೆ. ಫೀಮೇಲ್ ಭಾಗ ಉಪಕರಣಕ್ಕೆ ಎಣ್ಣೆ ಕಳಿಸುವ ಟ್ರ್ಯಾಕ್ಟರ್‌ನ ಆಕ್ಸಿಲರಿ ವಾಲ್ವ್ ಕಡೆ, ಮೇಲ್ ಭಾಗ ಉಪಕರಣದ ಪೈಪ್ ತುದಿಯಲ್ಲಿ.

ಕಾಲರ್ ಏಕೆ ಬಿಗಿಯುತ್ತದೆ

ಫೀಮೇಲ್ ಕಪ್ಲರ್ ಒಳಗೆ ಸುತ್ತಲೂ ಸಣ್ಣ ಉಕ್ಕಿನ ಗುಂಡುಗಳಿವೆ. ಮೇಲ್ ತುದಿಯ ಮೇಲೆ ಸುತ್ತಲೂ ಒಂದು ತೋಡು ಇದೆ. ಜೋಡಿಸಿದಾಗ ಗುಂಡುಗಳು ಆ ತೋಡಿನಲ್ಲಿ ಕೂರುತ್ತವೆ, ಹೊರಗಿನ ಕಾಲರ್ ಅವುಗಳ ಮೇಲೆ ಬಂದು ಮುಚ್ಚುತ್ತದೆ. ಬಿಚ್ಚಬೇಕಾದರೆ ಕಾಲರ್ ಸರಿಯಬೇಕು, ಗುಂಡುಗಳು ಹೊರಕ್ಕೆ ಜರುಗಬೇಕು, ಆಗ ಮೇಲ್ ತುದಿ ಹೊರಬರುತ್ತದೆ.

ಜೋಡಣೆಯಾದ ಸ್ಥಿತಿಯಲ್ಲಿ ಬಿಚ್ಚಿದಾಗ ಬಾಯಿ ಮುಚ್ಚುವ ಎರಡೂ ಕಡೆಯ ಪಾಪೆಟ್ ವಾಲ್ವ್‌ಗಳು ಒಂದನ್ನೊಂದು ಒತ್ತಿ ತೆರೆದುಕೊಂಡಿರುತ್ತವೆ. ಅಂದರೆ ವಾಲ್ವ್‌ನಿಂದ ಸಿಲಿಂಡರ್‌ವರೆಗೆ ಎಣ್ಣೆಯ ಒಂದೇ ಕಂಬ. ಆ ಎಣ್ಣೆಯಲ್ಲಿ ಪ್ರೆಶರ್ ಇದ್ದರೆ ಅದು ಮೇಲ್ ತುದಿಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಸೀಲ್ ಕೂರುವ ಜಾಗದ ಅಡ್ಡಳತೆ ಸುಮಾರು 20 ಮಿ.ಮೀ. ಎಂದಿಟ್ಟುಕೊಳ್ಳಿ, ಅದರ ವಿಸ್ತೀರ್ಣ ಸುಮಾರು 3.1 ಚದರ ಸೆಂ.ಮೀ. ಒಳಗೆ 150 ಬಾರ್ ನಿಂತಿದ್ದರೆ ಮೇಲ್ ತುದಿಯ ಮೇಲೆ ಬೀಳುವ ತಳ್ಳು ಬಲ ಹೆಚ್ಚುಕಮ್ಮಿ 470 ಕಿಲೊ. ಆ ಬಲ ಗುಂಡುಗಳ ಮೂಲಕ ಕಾಲರ್‌ಗೆ ಹೋಗಿ ಅದನ್ನು ಒಳಗಿನಿಂದ ಬಿಗಿಯುತ್ತದೆ. ಕೈಯಲ್ಲಿ ಕಾಲರ್ ಎಳೆದು ಅದನ್ನು ಗೆಲ್ಲಲು ಆಗುವುದಿಲ್ಲ. ಗೆದ್ದರೆ ಇನ್ನೂ ಕಷ್ಟ: ಬಿಡುಗಡೆಯಾದ ಪೈಪ್ ಚಾಟಿಯ ಹಾಗೆ ಬೀಸುತ್ತದೆ, ಕಪ್ಲರ್ ಬಾಯಿಂದ ಎಣ್ಣೆ ಮುಖಕ್ಕೆ ಹಾರುತ್ತದೆ.

ಹತ್ತೇ ಬಾರ್ ಇದ್ದರೂ ಬಲ 31-32 ಕಿಲೊ ಆಗುತ್ತದೆ. ‘ಸ್ವಲ್ಪ ಬಿಗಿ ಇದೆ, ಬರುತ್ತೆ, ಬರಲ್ಲ’ ಎನ್ನುವ ಕಪ್ಲರ್‌ಗಳಲ್ಲಿ ಇರುವುದು ಇಷ್ಟೇ. ಪೈಪನ್ನು ಒಂದು ಕೈಯಲ್ಲಿ ಟ್ರ್ಯಾಕ್ಟರ್ ಕಡೆಗೆ ಬಲವಾಗಿ ಒಳಕ್ಕೆ ಒತ್ತಿ ಹಿಡಿದು, ಅದೇ ಹೊತ್ತಿಗೆ ಇನ್ನೊಂದು ಕೈಯಲ್ಲಿ ಕಾಲರ್ ಎಳೆದರೆ ಗುಂಡುಗಳ ಮೇಲಿನ ಭಾರ ಇಳಿದು ಅದು ಬಿಟ್ಟುಕೊಳ್ಳುತ್ತದೆ. ಈ ಒತ್ತಿ ಎಳೆಯುವ ಉಪಾಯ ಹತ್ತು ಬಾರ್ ಆಸುಪಾಸಿಗೆ ಮಾತ್ರ. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಪ್ರೆಶರ್ ಇಳಿಸಬೇಕು, ಆಮೇಲೆ ಕಪ್ಲರ್ ಮುಟ್ಟಬೇಕು.

ಪ್ರೆಶರ್ ಇದೆಯೋ, ಬರೀ ಜಾಮ್ ಆಗಿದೆಯೋ

ಇದನ್ನು ತಿಳಿಯಲು ಗೇಜ್ ಬೇಕಿಲ್ಲ. ಮೇಲ್ ತುದಿಯನ್ನು ಕಪ್ಲರ್ ಒಳಗೆ ಇದ್ದಂತೆಯೇ ಕೈಯಿಂದ ತಿರುಗಿಸಿ ನೋಡಿ. ಪೈಪ್ ಹಿಡಿದು ತಿರುಚಬೇಡಿ. ಮೇಲ್ ತುದಿಯ ಹಿಂದಿರುವ ಲೋಹದ ಫಿಟ್ಟಿಂಗ್ ಹಿಡಿದು ಕಾಲು ಸುತ್ತಿನಷ್ಟು ಆಚೀಚೆ ಆಡಿಸಿ. ಪ್ರೆಶರ್ ಇಲ್ಲದಿದ್ದರೆ ಅದು ಸೀಲ್‌ನ ಬಿಗಿ ಮಾತ್ರ ತೋರಿಸಿ ತಿರುಗುತ್ತದೆ, ಹಿಂದೆ ಮುಂದೆ ಸ್ವಲ್ಪ ಅಲುಗುತ್ತದೆ ಕೂಡ. ಪ್ರೆಶರ್ ಇದ್ದರೆ ಎರಡೂ ಭಾಗ ಒಂದೇ ಕಬ್ಬಿಣದಂತೆ ನಿಲ್ಲುತ್ತವೆ. ತಿರುಗುವುದೂ ಇಲ್ಲ, ಅಲುಗುವುದೂ ಇಲ್ಲ.

ತಿರುಗುತ್ತದೆ ಆದರೆ ಕಾಲರ್ ಸರಿಯುವುದಿಲ್ಲ ಎಂದರೆ ದೋಷ ಕಾಲರ್‌ನಲ್ಲಿದೆ: ಮಣ್ಣು, ತುಕ್ಕು, ಬಣ್ಣ, ನೆಗ್ಗು. ಅದಕ್ಕೆ ಕೊನೆಯಲ್ಲಿ ಬರೋಣ. ತಿರುಗುವುದೇ ಇಲ್ಲ ಎಂದರೆ ಪ್ರೆಶರ್ ಇದೆ ಎಂದೇ ಹಿಡಿಯಿರಿ. ಪೈಪನ್ನು ಬಾಗಿಸಿ ಗಟ್ಟಿ ಇದೆಯೇ ಎಂದು ನೋಡುವ ರೂಢಿಯೂ ಇದೆ, ಆದರೆ ತಂತಿ ಹೆಣಿಗೆಯ ಪೈಪ್ ಖಾಲಿ ಇದ್ದಾಗಲೂ ಗಟ್ಟಿಯೇ ಇರುವುದರಿಂದ ಒಂದೇ ಪೈಪ್ ನೋಡಿದರೆ ಗೊತ್ತಾಗದು. ಬಿಚ್ಚಿದ ಪೈಪ್ ಮತ್ತು ಬಿಚ್ಚದ ಪೈಪ್ ಎರಡನ್ನೂ ಒಂದೇ ಕಡೆ ಬಾಗಿಸಿ ಹೋಲಿಸಿದರೆ ಅಂದಾಜು ಸಿಗುತ್ತದೆ.

ಸೋರಿಕೆ ಹುಡುಕುವಾಗ ಬರಿಗೈಯನ್ನು ಪೈಪ್ ಮೇಲೆ ಸವರಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಮೊದಲು ಸೊಳ್ಳೆ ಕಚ್ಚಿದಷ್ಟೇ ಗುರುತು ಕಾಣುತ್ತದೆ, ನೋವೂ ಅಷ್ಟಿರುವುದಿಲ್ಲ, ಕೆಲವು ಗಂಟೆಗಳಲ್ಲಿ ಬೆರಳು ಕಳೆದುಕೊಳ್ಳುವ ಸ್ಥಿತಿ ಬರಬಹುದು. ಹಾಗಾದರೆ ನೋವಿಗೆ ಕಾಯದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು, ‘ಪ್ರೆಶರ್‌ನಲ್ಲಿದ್ದ ಹೈಡ್ರಾಲಿಕ್ ಎಣ್ಣೆ ಒಳಹೋಗಿದೆ’ ಎಂದು ಬಿಡಿಸಿ ಹೇಳಬೇಕು. ಸೋರಿಕೆ ನೋಡಲು ರಟ್ಟಿನ ತುಂಡು ಅಡ್ಡ ಹಿಡಿದರೆ ಸಾಕು.

ಪ್ರೆಶರನ್ನು ಹಿಡಿದಿರುವುದು ಯಾರು

ಮೂರು ಜನ ಇದ್ದಾರೆ: ವಾಲ್ವ್, ಭಾರ, ಬಿಸಿಲು. ಇವುಗಳ ವ್ಯತ್ಯಾಸ ತಿಳಿಯದೆ ಲಿವರ್ ಆಡಿಸಿದರೆ ಒಂದು ಸಂದರ್ಭದಲ್ಲಿ ಕೆಲಸ ಆಗುತ್ತದೆ, ಇನ್ನೊಂದರಲ್ಲಿ ಟ್ರಾಲಿ ತಲೆಯ ಮೇಲೆ ಬೀಳುತ್ತದೆ.

ಮೊದಲನೆಯದು ವಾಲ್ವ್. ಸಾಮಾನ್ಯ ಆಕ್ಸಿಲರಿ ವಾಲ್ವ್‌ನ ಲಿವರ್ ನಡುವಿನ ಸ್ಥಾನಕ್ಕೆ ಬಂದಾಗ ಸಿಲಿಂಡರ್ ಕಡೆಯ ಎರಡೂ ಬಾಯಿ ಮುಚ್ಚಿಕೊಳ್ಳುತ್ತವೆ. ಸಿಲಿಂಡರ್ ಕೊನೆ ಮುಟ್ಟಿದ ಮೇಲೂ ಚಾಲಕ ಲಿವರ್ ಹಿಡಿದೇ ಇದ್ದರೆ ಪೈಪಿನಲ್ಲಿ ಪ್ರೆಶರ್, ಮಿತಿ ಮೀರಿದ ಎಣ್ಣೆಯನ್ನು ಟ್ಯಾಂಕ್‌ಗೆ ಬಿಡುವ ರಿಲೀಫ್ ವಾಲ್ವ್‌ನ ಮಟ್ಟಕ್ಕೆ ಏರುತ್ತದೆ. ನಮ್ಮ ಟ್ರ್ಯಾಕ್ಟರ್‌ಗಳಲ್ಲಿ ಅದು ಸಾಮಾನ್ಯವಾಗಿ 150ರಿಂದ 200 ಬಾರ್. ಲಿವರ್ ಬಿಟ್ಟ ಕ್ಷಣ ಬಾಯಿ ಮುಚ್ಚಿ ಆ ಪ್ರೆಶರ್ ಅಲ್ಲೇ ಉಳಿಯುತ್ತದೆ. ಎಂಜಿನ್ ನಿಲ್ಲಿಸಿದರೂ ಅದು ಇಳಿಯುವುದಿಲ್ಲ, ಏಕೆಂದರೆ ಪಂಪ್‌ಗೂ ಆ ಪೈಪಿಗೂ ಆಗ ಸಂಬಂಧವೇ ಇಲ್ಲ. ಒಳ್ಳೆಯ ಸುದ್ದಿ ಏನೆಂದರೆ, ಹೀಗೆ ಸಿಕ್ಕಿಕೊಂಡ ಎಣ್ಣೆಯಲ್ಲಿ ಶಕ್ತಿ ಇದ್ದರೂ ಪ್ರಮಾಣ ತೀರಾ ಕಡಿಮೆ. 150 ಬಾರ್‌ನಲ್ಲಿ ಎಣ್ಣೆ ಸುಮಾರು ಶೇ 1ರಷ್ಟು ಮಾತ್ರ ಕುಗ್ಗಿರುತ್ತದೆ. ಒಂದು ಲೀಟರ್ ಎಣ್ಣೆಗೆ ಹತ್ತು ಮಿ.ಲೀ., ಪೈಪ್ ಹಿಗ್ಗಿದ್ದಕ್ಕೆ ಇನ್ನು ಸ್ವಲ್ಪ ಸೇರಿಸಿ. ಎರಡು ಮೂರು ಚಮಚ ಎಣ್ಣೆಗೆ ದಾರಿ ಸಿಕ್ಕರೆ ಪ್ರೆಶರ್ ಸೊನ್ನೆ.

ಎರಡನೆಯದು ಭಾರ. ಟಿಪ್ಪಿಂಗ್ ಟ್ರಾಲಿಯ ಬಾಡಿ ಎತ್ತಿದ್ದರೆ, ಲೋಡರ್‌ನ ಬಕೆಟ್ ಗಾಳಿಯಲ್ಲಿದ್ದರೆ, ಪಲ್ಟಿ ನೇಗಿಲು ಅರ್ಧ ತಿರುಗಿ ನಿಂತಿದ್ದರೆ, ಎಣ್ಣೆಯ ಮೇಲೆ ತೂಕ ಕೂತಿದೆ. ಇಲ್ಲಿ ಚಮಚ ಎಣ್ಣೆ ಬಿಟ್ಟರೆ ಪ್ರೆಶರ್ ಇಳಿಯುವುದಿಲ್ಲ. ಭಾರ ಇಳಿಯುತ್ತದೆ, ಎಣ್ಣೆ ಬರುತ್ತಲೇ ಇರುತ್ತದೆ. ಭಾರವನ್ನು ಮೊದಲು ನೆಲಕ್ಕೋ ಆಧಾರಕ್ಕೋ ಒಪ್ಪಿಸದೆ ಇಂಥ ಪೈಪ್ ಮುಟ್ಟಲೇಬಾರದು.

ಮೂರನೆಯದು ಬಿಸಿಲು. ಎಣ್ಣೆ ಬಿಸಿಗೆ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದ ಗಟ್ಟಿ ಲೋಹದ ಪಾತ್ರೆಯಲ್ಲಿ ಮುಚ್ಚಿಟ್ಟರೆ ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಬಾರ್‌ಗೂ ಸ್ವಲ್ಪ ಹೆಚ್ಚು ಏರುತ್ತದೆ. ರಬ್ಬರ್ ಪೈಪ್ ತುಸು ಹಿಗ್ಗುವುದರಿಂದ ನಿಜದಲ್ಲಿ ಅಷ್ಟು ಏರದು, ಆದರೆ ಬೆಳಿಗ್ಗೆ ನಿಲ್ಲಿಸಿದ ಉಪಕರಣದ ಕಪ್ಪು ಪೈಪ್ ಮಧ್ಯಾಹ್ನದ ಹೊತ್ತಿಗೆ ಮುಟ್ಟಲಾರದಷ್ಟು ಕಾದಿರುತ್ತದೆ. ಸಿಲಿಂಡರ್ ಎರಡೂ ಕಡೆ ಲಾಕ್ ಆಗಿದ್ದರೆ ಕಪ್ಲರ್ ಬಿಗಿಯಲು ಅಷ್ಟು ಸಾಕು. ಬೆಳಿಗ್ಗೆ ಸಲೀಸಾಗಿ ಬಂದ ಕಪ್ಲರ್ ಸಂಜೆ ಬರುವುದಿಲ್ಲ ಎಂದರೆ ಇದನ್ನೇ ನೆನೆಯಬೇಕು. ಕಪ್ಲರ್ ಜೋಡಿಸಿದ್ದಾಗ ಟ್ರ್ಯಾಕ್ಟರ್ ವಾಲ್ವ್‌ನೊಳಗೆ ಲಿವರ್ ಜೊತೆ ಸರಿಯುವ ಸ್ಪೂಲ್ ಸ್ವಲ್ಪ ಸ್ವಲ್ಪವಾಗಿ ಸೋರಿ ಪ್ರೆಶರ್ ಇಳಿಸಿಕೊಳ್ಳುತ್ತದೆ. ರಾತ್ರಿಯಿಡೀ ಬಿಟ್ಟರೆ ತಾನಾಗಿಯೇ ಬಿಟ್ಟುಕೊಳ್ಳುವ ಕಪ್ಲರ್‌ಗಳ ಗುಟ್ಟು ಇದೇ. ಬಿಚ್ಚಿಟ್ಟ ಪೈಪಿನಲ್ಲಿ ಆ ದಾರಿಯೂ ಇಲ್ಲ, ಏಕೆಂದರೆ ಮೇಲ್ ತುದಿಯ ಪಾಪೆಟ್ ಸೀಲ್ ಹನಿಯನ್ನೂ ಬಿಡುವುದಿಲ್ಲ.

ಪಲ್ಟಿ ನೇಗಿಲು: ಒಂದು ಪೈಪ್ ಬಂತು, ಇನ್ನೊಂದು ಬರಲಿಲ್ಲ

ಮೊದಲು ಹೇಳಿದ ಸಂದರ್ಭವನ್ನೇ ಹಿಡಿಯೋಣ. ಎರಡು ಫಾಳದ ಹೈಡ್ರಾಲಿಕ್ ರಿವರ್ಸಿಬಲ್ ನೇಗಿಲು, ಡಬಲ್ ಆಕ್ಟಿಂಗ್ ಸಿಲಿಂಡರ್, ಟ್ರ್ಯಾಕ್ಟರ್‌ನಲ್ಲಿ ಕೈಲಿವರ್‌ನ ಆಕ್ಸಿಲರಿ ವಾಲ್ವ್. ಹೊಲದ ಬದುವಿನಲ್ಲಿ ಚಾಲಕ ಕೊನೆಯ ಸಲ ನೇಗಿಲು ಮಗುಚಿ, ಫ್ರೇಮ್ ಸ್ಟಾಪರ್‌ಗೆ ತಗುಲಿದ ‘ಟಕ್’ ಸದ್ದು ಕೇಳಿ, ಎಂಜಿನ್ ದನಿ ದಪ್ಪಗಾಗುವವರೆಗೂ ಲಿವರ್ ಹಿಡಿದು ಬಿಟ್ಟಿದ್ದಾನೆ. ಎಂಜಿನ್ ದನಿ ದಪ್ಪಗಾದದ್ದು ರಿಲೀಫ್ ವಾಲ್ವ್ ಬಿಚ್ಚಿಕೊಂಡ ಗುರುತು. ಅಂದರೆ ಆಗ ಎಣ್ಣೆ ತಳ್ಳುತ್ತಿದ್ದ ಪೈಪಿನಲ್ಲಿ ಹೆಚ್ಚುಕಮ್ಮಿ ಪೂರ್ತಿ ಪ್ರೆಶರ್ ಉಳಿದಿದೆ. ಇನ್ನೊಂದು ಪೈಪ್ ಆಗ ವಾಪಸ್ ಎಣ್ಣೆ ಟ್ಯಾಂಕ್‌ಗೆ ಹೋಗುವ ದಾರಿಯಾಗಿತ್ತು, ಅದರಲ್ಲಿ ಏನೂ ಇಲ್ಲ. ಹಾಗಾಗಿಯೇ ಅದು ಬಂತು, ಇದು ಬರಲಿಲ್ಲ. ಒಂದೇ ಪೈಪ್ ಬಿಗಿದಿರುವುದೇ ರೋಗದ ಹೆಸರು ಹೇಳುತ್ತದೆ: ವಾಲ್ವ್ ಹಿಡಿದ ಪ್ರೆಶರ್.

ಸಡಿಲವಾಗಿ ಬಂದ ಪೈಪನ್ನು ಮತ್ತೆ ಜೋಡಿಸಿ. ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಒಂದೇ ಪೈಪ್ ಇದ್ದರೆ ಸಿಲಿಂಡರ್‌ನ ಆಚೆ ಬದಿಯ ಎಣ್ಣೆ ಮುಚ್ಚಿದ ಪಾಪೆಟ್ ಹಿಂದೆ ಸಿಕ್ಕಿಕೊಂಡಿರುತ್ತದೆ, ಪಿಸ್ಟನ್ ಆಚೀಚೆ ಆಗಲು ಜಾಗ ಇರುವುದಿಲ್ಲ. ಆಮೇಲೆ ಈ ಕ್ರಮದಲ್ಲಿ ಹೋಗಿ:

1. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ. ನೇಗಿಲು ಪೂರ್ತಿ ಒಂದು ಕಡೆಗೆ ಮಗುಚಿ ಸ್ಟಾಪರ್‌ಗೆ ಕೂತಿರಬೇಕು. ನಡುವೆ ನಿಂತಿದ್ದರೆ ಪ್ರೆಶರ್ ಬಿಟ್ಟ ಕೂಡಲೇ ತನ್ನ ತೂಕಕ್ಕೆ ಧಡಕ್ಕನೆ ಮಗುಚುತ್ತದೆ, ಹತ್ತಿರ ನಿಂತವರ ಕಾಲು ಹೋಗುತ್ತದೆ.

2. ಲಿಫ್ಟ್ ಲಿವರ್ ಇಳಿಸಿ ನೇಗಿಲನ್ನು ನೆಲಕ್ಕೆ ಬಿಡಿ, ಸ್ಟ್ಯಾಂಡ್ ಪಿನ್ ಹಾಕಿ. ತೂಕ ನೆಲದ ಮೇಲೆ ಕೂತದ್ದನ್ನು ಕಣ್ಣಾರೆ ನೋಡಿ.

3. ಎಂಜಿನ್ ನಿಲ್ಲಿಸಿ. ಸೀಟ್ ಮೇಲೆ ಕೂತೇ ಆಕ್ಸಿಲರಿ ಲಿವರನ್ನು ಕೊನೆಯ ಸಲ ಒತ್ತಿದ ದಿಕ್ಕಿಗೆ ವಿರುದ್ಧ ದಿಕ್ಕಿಗೆ ಪೂರ್ತಿ ಒತ್ತಿ ಮೂರು ನಾಲ್ಕು ಸೆಕೆಂಡ್ ಹಿಡಿಯಿರಿ. ಆಮೇಲೆ ಈ ಕಡೆ ಪೂರ್ತಿ. ಹೀಗೆ ಎರಡು ಮೂರು ಸಲ.

4. ಲಿವರ್‌ಗೆ ಫ್ಲೋಟ್ ಸ್ಥಾನ ಇದ್ದರೆ ಅಲ್ಲೇ ಬಿಡಿ. ಫ್ಲೋಟ್‌ನಲ್ಲಿ ಎರಡೂ ಪೈಪ್ ಟ್ಯಾಂಕ್‌ಗೆ ತೆರೆದಿರುತ್ತವೆ. ಇಲ್ಲದಿದ್ದರೆ ನಡುವಿಗೆ ತಂದು ತಡಮಾಡದೆ ಇಳಿದು ಹೋಗಿ.

5. ತಿರುಗಿಸಿ ನೋಡುವ ಪರೀಕ್ಷೆ ಮತ್ತೆ ಮಾಡಿ. ಮೇಲ್ ತುದಿ ತಿರುಗಿದರೆ ಪೈಪನ್ನು ಒಳಕ್ಕೆ ಒತ್ತಿ, ಕಾಲರ್ ಎಳೆದು, ಬಿಚ್ಚಿ. ಮುಖ ಕಪ್ಲರ್ ಬಾಯಿಯ ನೇರಕ್ಕೆ ಬೇಡ, ಕನ್ನಡಕ ಇರಲಿ.

ಮೂರನೇ ಹಂತದಲ್ಲಿ ವಿರುದ್ಧ ದಿಕ್ಕು ಮೊದಲು ಏಕೆ ಎಂದರೆ: ಲಿವರ್ ಒಂದು ಕಡೆ ಒತ್ತಿದಾಗ ಒಂದು ಪೈಪ್ ಪಂಪ್ ಕಡೆಗೆ, ಇನ್ನೊಂದು ಟ್ಯಾಂಕ್ ಕಡೆಗೆ ತೆರೆಯುತ್ತದೆ. ಪಂಪ್ ಕಡೆಯ ದಾರಿಯಲ್ಲಿ ಸಾಮಾನ್ಯವಾಗಿ ಒಂದು ಚೆಕ್ ವಾಲ್ವ್ ಇರುತ್ತದೆ, ಎತ್ತಿದ ಭಾರ ಹಿಂದಕ್ಕೆ ಬೀಳದಿರಲಿ ಎಂದು. ಹಾಗಾಗಿ ಪ್ರೆಶರ್ ತುಂಬಿದ ದಿಕ್ಕಿಗೇ ಲಿವರ್ ಎಷ್ಟು ಸಲ ಒತ್ತಿದರೂ ಎಣ್ಣೆ ಹಿಂದಕ್ಕೆ ಹೋಗುವುದಿಲ್ಲ. ವಿರುದ್ಧ ದಿಕ್ಕಿಗೆ ಒತ್ತಿದಾಗ ಮಾತ್ರ ಅದೇ ಪೈಪ್ ಟ್ಯಾಂಕ್‌ಗೆ ತೆರೆದುಕೊಳ್ಳುತ್ತದೆ. ‘ಲಿವರ್ ಆಡಿಸಿದೆ, ಆಗಲಿಲ್ಲ’ ಎನ್ನುವವರಲ್ಲಿ ಎಷ್ಟೋ ಜನ ಲಿವರನ್ನು ಎರಡೂ ಕಡೆ ಅರ್ಧರ್ಧ ಮಾತ್ರ ಆಡಿಸಿರುತ್ತಾರೆ. ಸ್ಪೂಲ್ ಪೂರ್ತಿ ಸರಿಯದಿದ್ದರೆ ಬಾಯಿ ತೆರೆಯದು. ಪ್ರೆಶರ್ ಬಿಟ್ಟಾಗ ಲಿವರ್ ಬುಡದಲ್ಲಿ ಒಂದು ಸಣ್ಣ ‘ಸುಯ್’ ಸದ್ದು ಕೇಳಿಸಬಹುದು, ಕೆಲವೊಮ್ಮೆ ಪೈಪ್ ಸಣ್ಣಗೆ ಅಲುಗಿ ಕೂರುತ್ತದೆ.

ಸಿಲಿಂಡರ್ ಮೇಲೆ ತಾನಾಗಿ ದಿಕ್ಕು ಬದಲಿಸುವ ವಾಲ್ವ್ ಇರುವ ನೇಗಿಲುಗಳಲ್ಲಿ ಪ್ರತಿ ಸಲ ಲಿವರ್ ಒಂದೇ ಕಡೆ ಒತ್ತುವುದು ರೂಢಿ. ಅಲ್ಲಿ ಯಾವಾಗಲೂ ಒಂದೇ ಪೈಪ್ ಬಿಗಿಯುತ್ತದೆ, ಚಾಲಕ ವಿರುದ್ಧ ದಿಕ್ಕಿಗೆ ಲಿವರ್ ಒತ್ತುವುದೇ ಇಲ್ಲ. ಆ ಕಪ್ಲರ್ ಕೆಟ್ಟಿದೆ ಎಂದು ಹೊಸದು ಹಾಕಿಸಿ, ಹೊಸದೂ ಬಿಗಿದಾಗ ಅಂಗಡಿಯವರನ್ನು ಬೈಯುವುದು ಇಂಥ ಕಡೆಯೇ.

ಎಂಜಿನ್ ನಿಲ್ಲಿಸಿ ಲಿವರ್ ಆಡಿಸಿದರೂ ಇಳಿಯದಿದ್ದರೆ

ಕೆಲವು ಟ್ರ್ಯಾಕ್ಟರ್‌ಗಳ ವಾಲ್ವ್‌ನಲ್ಲಿ, ಕೆಲವು ಉಪಕರಣಗಳ ಸಿಲಿಂಡರ್ ಮೇಲೆ, ಲಾಕ್ ವಾಲ್ವ್ ಇರುತ್ತದೆ. ಅದು ತೆರೆಯಬೇಕಾದರೆ ಇನ್ನೊಂದು ಪೈಪಿನಲ್ಲಿ ಪಂಪ್‌ನ ಪ್ರೆಶರ್ ಬರಬೇಕು. ಎಂಜಿನ್ ನಿಂತ ಮೇಲೆ ಪಂಪ್ ಎಲ್ಲಿಯದು? ಲಾಕ್ ವಾಲ್ವ್ ಸಿಲಿಂಡರ್ ಮೇಲೆ ಇದ್ದರೆ ಚಿಂತೆ ಇಲ್ಲ, ಅದರ ಹಿಂದಿನ ಪ್ರೆಶರ್ ಪೈಪಿಗೆ ಬರುವುದಿಲ್ಲ, ಪೈಪ್ ಮೊದಲ ಕ್ರಮದಲ್ಲೇ ಖಾಲಿಯಾಗುತ್ತದೆ. ಟ್ರ್ಯಾಕ್ಟರ್ ವಾಲ್ವ್‌ನಲ್ಲಿದ್ದರೆ ದಾರಿ ಬೇರೆ.

ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡು ಎಂಜಿನ್ ಚಾಲೂ ಮಾಡಿ, ಐಡಲ್‌ನಲ್ಲೇ ಇಡಿ. ಲಿವರ್ ಫ್ಲೋಟ್‌ಗೆ ಹಾಕಿ ಐದಾರು ಸೆಕೆಂಡ್ ಬಿಟ್ಟು, ಲಿವರ್ ಫ್ಲೋಟ್‌ನಲ್ಲಿ ಇರುವಾಗಲೇ ಎಂಜಿನ್ ಆರಿಸಿ. ಫ್ಲೋಟ್ ಇಲ್ಲದ ವಾಲ್ವ್ ಆದರೆ ಐಡಲ್‌ನಲ್ಲಿ ಲಿವರನ್ನು ವಿರುದ್ಧ ದಿಕ್ಕಿಗೆ ಚುಟುಕಾಗಿ ತಟ್ಟಿ ಬಿಡಿ. ಸಿಲಿಂಡರ್ ಒಂದೆರಡು ಮಿ.ಮೀ. ಹಿಂದೆ ಸರಿದರೆ ಸಾಕು, ನೇಗಿಲು ಮಗುಚುವಷ್ಟು ಹಿಡಿಯಬಾರದು. ಕೊನೆ ಮುಟ್ಟಿದ ಸಿಲಿಂಡರ್ ತುಸು ಹಿಂದೆ ಬಂತೆಂದರೆ 150 ಬಾರ್‌ನ ಜಾಗದಲ್ಲಿ ಉಳಿಯುವುದು ನೇಗಿಲನ್ನು ತಳ್ಳಲು ಬೇಕಾದಷ್ಟು ಮಾತ್ರ. ಆಮೇಲೆ ಎಂಜಿನ್ ಆರಿಸಿ ಮೂರನೇ ಹಂತ ಮತ್ತೆ ಮಾಡಿ.

ಬಟನ್ ಒತ್ತಿ ನಡೆಸುವ ಎಲೆಕ್ಟ್ರಾನಿಕ್ ವಾಲ್ವ್ ಇರುವ ದೊಡ್ಡ ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ ಆರಿದ ಮೇಲೆ ಬಟನ್ ಒತ್ತಿ ಲಾಭವಿಲ್ಲದಿರಬಹುದು. ಅಲ್ಲಿ ಫ್ಲೋಟ್‌ಗೆ ಹಾಕಿ ಆಮೇಲೆ ಆರಿಸುವ ಕ್ರಮವೇ ಸರಿ. ಕಪ್ಲರ್ ಪಕ್ಕದಲ್ಲೇ ಸಣ್ಣ ಲಿವರ್ ಇರುವ ಮಾದರಿಗಳಲ್ಲಿ ಆ ಲಿವರ್ ಎತ್ತಿದರೆ ಪ್ರೆಶರ್ ಒಳಗಿನಿಂದಲೇ ಇಳಿದು ಕಪ್ಲರ್ ಬಿಡುತ್ತದೆ.

ಟಿಪ್ಪಿಂಗ್ ಟ್ರಾಲಿ: ಬಾಡಿ ಕೆಳಗಿದೆ, ಆದರೂ ಬಿಗಿ

ಟ್ರಾಲಿಗೆ ಒಂದೇ ಪೈಪ್, ಒಂದೇ ಕಡೆ ತಳ್ಳುವ ಜಾಕ್. ಇಳಿಸುವುದು ಬಾಡಿಯ ತೂಕವೇ. ಬಾಡಿ ಎತ್ತಿರುವಾಗ ಕಪ್ಲರ್ ಬಳಿ ಹೋಗುವ ಮಾತೇ ಇಲ್ಲ. ಕಷ್ಟ ಕೊಡುವುದು ಬಾಡಿ ಪೂರ್ತಿ ಇಳಿದಂತೆ ಕಾಣುವಾಗ.

ನೋಡಬೇಕಾದ್ದು ಬಾಡಿ ಮತ್ತು ಚಾಸಿಯ ನಡುವಿನ ಸಂದು. ಬಾಡಿ ಚಾಸಿಯ ಮೇಲೆ ಕೂತಿದೆಯೋ, ಇನ್ನೂ ಜಾಕ್ ಮೇಲೆ ಕೂತಿದೆಯೋ? ಗೊಬ್ಬರ, ಮಣ್ಣು, ಜಲ್ಲಿ ಹೊತ್ತ ಟ್ರಾಲಿಯಲ್ಲಿ ಜಾಕ್‌ನ ಬುಡದ ಸುತ್ತ ಗಟ್ಟಿಯಾದ ಮಣ್ಣು ಕೂತು ಜಾಕ್ ಪೂರ್ತಿ ಮಡಚದಿದ್ದರೆ ಬಾಡಿಯ ತೂಕದ ಒಂದು ಪಾಲು ಎಣ್ಣೆಯ ಮೇಲೆ ಉಳಿಯುತ್ತದೆ. ಇಳಿಸುವ ಲಿವರನ್ನು ಚಾಲಕ ಬೇಗ ಬಿಟ್ಟಿದ್ದರೂ ಹೀಗೇ ಆಗುತ್ತದೆ. ಜಾಕ್‌ನ ಅಡ್ಡಳತೆ 10 ಸೆಂ.ಮೀ. ಇದ್ದು, ಅದರ ಮೇಲೆ 800 ಕಿಲೊ ಕೂತಿದೆ ಎನ್ನಿ. ಜಾಕ್‌ನ ವಿಸ್ತೀರ್ಣ 78 ಚದರ ಸೆಂ.ಮೀ. ಆಯಿತು, ಪ್ರೆಶರ್ ಹತ್ತು ಬಾರ್ ಬಂತು. ಅದೇ ಮೇಲೆ ಲೆಕ್ಕ ಹಾಕಿದ 31 ಕಿಲೊ. ಕಪ್ಲರ್ ‘ಬರುತ್ತೆ, ಬರಲ್ಲ’ ಎನ್ನಲು ಇಷ್ಟು ಸಾಕು. ಖಾಲಿ ಟ್ರಾಲಿಯಲ್ಲಿ ಸ್ವಲ್ಪ ಬಿಗಿ, ಲೋಡ್ ಇದ್ದ ಟ್ರಾಲಿಯಲ್ಲಿ ಮಿಸುಕದು ಎಂದರೆ ಕಾರಣ ಇದೇ ಎಂದು ಹೇಳಬಹುದು.

ಪರಿಹಾರ: ಎಂಜಿನ್ ಆರಿಸಿ, ಇಳಿಸುವ ಕಡೆಗೆ ಲಿವರ್ ಪೂರ್ತಿ ಹಾಕಿ, ಅರ್ಧ ನಿಮಿಷ ಹಾಗೇ ಬಿಡಿ. ತಣ್ಣನೆಯ ಗಟ್ಟಿ ಎಣ್ಣೆ ನಿಧಾನಕ್ಕೆ ಹರಿಯುತ್ತದೆ, ಅವಸರ ಬೇಡ. ಬಾಡಿ ಇನ್ನೂ ಕೂರದಿದ್ದರೆ ಸಂದಿನಲ್ಲಿ ಏನೋ ಇದೆ. ಅದನ್ನು ತೆಗೆಯಲು ಬಾಡಿ ಮತ್ತೆ ಎತ್ತಬೇಕಾದೀತು. ಆಗ ಸೇಫ್ಟಿ ಊರುಗೋಲು ಹಾಕದೆ ಕೈ ಒಳಗೆ ಹಾಕಬೇಡಿ. ಪ್ರೆಶರ್ ಬಿಟ್ಟರೆ ಕೈಯ ಮೇಲೆ ಬಾಡಿಯೇ ಬರುತ್ತದೆ. ಕಲ್ಲು ಇಟ್ಟರೆ ಸಾಕು ಅನ್ನುವವರಿದ್ದಾರೆ. ಕಲ್ಲು ಒಡೆಯುತ್ತದೆ, ಜಾರುತ್ತದೆ.



ಕೊನೆಯ ದಾರಿ: ನಟ್ ಸಡಿಲಿಸುವುದು

ಲಿವರ್ ಕೇಬಲ್ ತುಂಡಾಗಿದೆ, ಸ್ಪೂಲ್ ಹಿಡಿದುಕೊಂಡಿದೆ, ಎಂಜಿನ್ ಚಾಲೂ ಆಗುವುದಿಲ್ಲ. ಇಂಥ ಹೊತ್ತಿನಲ್ಲಿ ಮಾತ್ರ ಪೈಪ್ ತುದಿಯ ನಟ್ ಸಡಿಲಿಸಿ ಪ್ರೆಶರ್ ಇಳಿಸಬಹುದು. ಷರತ್ತು ಒಂದೇ: ಭಾರ ಪೂರ್ತಿ ನೆಲದ ಮೇಲೋ ಚಾಸಿಯ ಮೇಲೋ ಇರಬೇಕು, ಆ ಪೈಪಿನ ಹಿಂದೆ ತೂಕ ಇಲ್ಲ ಎಂಬುದು ಖಾತ್ರಿಯಾಗಿರಬೇಕು. ಲೋಡರ್‌ಗಳಲ್ಲಿ ಕೆಲವೊಮ್ಮೆ ಪ್ರೆಶರ್ ಕೂಡಿಡುವ, ನೈಟ್ರೋಜನ್ ತುಂಬಿದ ಅಕ್ಯುಮ್ಯುಲೇಟರ್ ಇರುತ್ತದೆ. ಅದು ಇದ್ದರೆ ಈ ದಾರಿ ಬಿಟ್ಟುಬಿಡಿ, ಚಮಚ ಎಣ್ಣೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಕನ್ನಡಕ, ದಪ್ಪ ಕೈಗವಸು ಹಾಕಿ. ನಟ್ ಸುತ್ತ ದಪ್ಪ ಬಟ್ಟೆ ಸುತ್ತಿ, ಅದರ ಮೇಲೆ ರಬ್ಬರ್ ತುಂಡು ಹೊದಿಸಿ. ಬಟ್ಟೆ ಎಣ್ಣೆಯ ಧಾರೆ ತಡೆಯುವುದಿಲ್ಲ, ಚದುರಿಸುತ್ತದೆ ಅಷ್ಟೆ, ಹಾಗಾಗಿ ನಿಮ್ಮ ಕೈ ಪಾನಾದ ತುದಿಯಲ್ಲೇ ಇರಲಿ. ಎರಡು ಪಾನಾ ಬೇಕು: ಒಂದರಲ್ಲಿ ಫಿಟ್ಟಿಂಗ್ ತಿರುಗದಂತೆ ಹಿಡಿಯಲು, ಇನ್ನೊಂದರಲ್ಲಿ ನಟ್ ತಿರುಗಿಸಲು. ಪಕ್ಕಕ್ಕೆ ನಿಂತು ನಟ್ಟನ್ನು ಎಂಟನೇ ಒಂದು ಸುತ್ತು, ಮತ್ತೆ ಅಷ್ಟೇ, ಹೀಗೆ ಬಿಡಿ. ಎಣ್ಣೆ ಒಸರಲು ಶುರುವಾದ ಕೂಡಲೇ ನಿಲ್ಲಿಸಿ. ಅದು ತಾನಾಗಿ ನಿಲ್ಲುವವರೆಗೆ ಕಾಯಿರಿ, ಸಾಮಾನ್ಯವಾಗಿ ಒಂದು ನಿಮಿಷವೂ ಬೇಡ. ನಿಲ್ಲದೆ ಒಂದೇ ಸಮ ಬರುತ್ತಿದ್ದರೆ ಹಿಂದೆ ಭಾರ ಇದೆ ಎಂದರ್ಥ. ತಕ್ಷಣ ಬಿಗಿ ಮಾಡಿ ಮತ್ತೆ ಮೊದಲಿನಿಂದ ಯೋಚಿಸಿ. ಒಸರು ನಿಂತ ಮೇಲೆ ಕಪ್ಲರ್ ಬಿಚ್ಚಿ, ನಟ್ ಬಿಗಿದು, ಟ್ಯಾಂಕ್ ಎಣ್ಣೆ ನೋಡಿ.

ಸುತ್ತಿಗೆಯ ಬಗ್ಗೆ ಎರಡು ಮಾತು. ಕಾಲರ್‌ಗೆ ಬಡಿದರೆ ಅದು ನೆಗ್ಗಿ ಗುಂಡುಗಳಿಗೆ ಹೊರಬರಲು ಜಾಗವೇ ಇಲ್ಲದಂತಾಗುತ್ತದೆ, ಆಮೇಲೆ ಪ್ರೆಶರ್ ಇಳಿದರೂ ಕಪ್ಲರ್ ಬಿಡದು. ಬಿಚ್ಚಿದ ಮೇಲ್ ತುದಿಯ ಪಾಪೆಟ್‌ಗೆ ಸ್ಕ್ರೂಡ್ರೈವರ್ ಇಟ್ಟು ಹೊಡೆಯುವುದು ಇನ್ನೂ ಕೆಟ್ಟದ್ದು: ಧಾರೆ ನೇರ ಕೈಗೆ ಬರುತ್ತದೆ, ಪಾಪೆಟ್‌ನ ಕಾಂಡ ಬಾಗಿ ಸೀಟ್ ಮೇಲೆ ಸರಿಯಾಗಿ ಕೂರದು, ಅಂದಿನಿಂದ ಆ ಪೈಪ್ ತೊಟ್ಟಿಕ್ಕುತ್ತಲೇ ಇರುತ್ತದೆ.

ಮೇಲ್ ತುದಿ ತಿರುಗುತ್ತದೆ, ಕಾಲರ್ ಮಾತ್ರ ಸರಿಯದು

ಇದು ಪ್ರೆಶರ್ ಅಲ್ಲ, ಕೊಳೆ. ಕಾಲರ್ ಮತ್ತು ಬಾಡಿ ನಡುವಿನ ಸಂದಿಗೆ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಹಾಕಿ ಹತ್ತು ನಿಮಿಷ ಬಿಡಿ. ಕಾಲರ್ ಅನ್ನು ಮೊದಲು ಸುತ್ತಲೂ ತಿರುಗಿಸಿ, ಸಡಿಲವಾದ ಮೇಲೆ ಹಿಂದೆ ಮುಂದೆ ಆಡಿಸಿ. ಗ್ರೀಸ್ ಹಾಕಬೇಡಿ, ಅದು ಧೂಳು ಹಿಡಿದು ಮುಂದಿನ ಸಲ ಸಿಮೆಂಟ್ ಆಗುತ್ತದೆ.

ಕಾಲರ್ ಸರಿಯುತ್ತದೆ ಆದರೆ ಮೇಲ್ ತುದಿ ಬರುವುದಿಲ್ಲ ಎಂದರೆ ಗುಂಡುಗಳು ತೋಡಿನಲ್ಲಿ ಗುಳಿ ಮಾಡಿಕೊಂಡಿವೆ. ಬಿಚ್ಚಿದ ಮೇಲೆ ಬೆರಳುಗುರಿನಿಂದ ತೋಡನ್ನು ಸವರಿ; ಉಗುರು ಗುಳಿಯಿಂದ ಗುಳಿಗೆ ಸಿಕ್ಕಿಕೊಂಡರೆ ಮೇಲ್ ತುದಿ ಬದಲಿಸಬೇಕು. ಪ್ರೆಶರ್ ಇರುವಾಗಲೇ ಎಳೆದೆಳೆದು ಬಿಚ್ಚುವವರ ಕಪ್ಲರ್‌ಗಳಲ್ಲಿ ಈ ಗುಳಿ ಬೇಗ ಬೀಳುತ್ತದೆ. ಬದಲಿಸುವಾಗ ಮೇಲ್, ಫೀಮೇಲ್ ಎರಡೂ ಒಂದೇ ಮಾದರಿಯವು ಆಗಿರಲಿ. ಅರ್ಧ ಇಂಚು ಎಂದು ಬರೆದಿದ್ದರೂ ಮಾದರಿ ಬೇರೆಯಾದರೆ ಒಳಗೆ ಹೋಗಿ ಕೂತು ಹೊರಬರುವಾಗ ಸಿಕ್ಕಿಕೊಳ್ಳುವುದುಂಟು.

ಬಿಚ್ಚಿಯಾಯಿತು, ಮರುದಿನ ಹಾಕಲು ಆಗುತ್ತಿಲ್ಲ

ಪ್ರೆಶರ್ ಇದ್ದಂತೆಯೇ ಹೇಗೋ ಬಿಚ್ಚಿದ್ದರೆ, ಅಥವಾ ಬಿಚ್ಚಿಟ್ಟ ಪೈಪ್ ಬಿಸಿಲಲ್ಲಿ ಬಿದ್ದಿದ್ದರೆ, ಪ್ರೆಶರ್ ಈಗ ಉಪಕರಣದ ಕಡೆ ಉಳಿದಿದೆ. ಪಾಪೆಟ್‌ನ ಮುಖ ಸುಮಾರು ಒಂದು ಚದರ ಸೆಂ.ಮೀ. ಎಂದುಕೊಂಡರೂ 100 ಬಾರ್‌ಗೆ ಅದು 100 ಕಿಲೊ ಹಿಂದಕ್ಕೆ ತಳ್ಳುತ್ತದೆ. ಕೈಯಲ್ಲಿ ಒತ್ತಿ ಹಾಕಲು ಆಗದು. ಟ್ರ್ಯಾಕ್ಟರ್ ಕಡೆಯ ಲಿವರ್ ಎಷ್ಟು ಆಡಿಸಿದರೂ ಉಪಯೋಗವಿಲ್ಲ, ಎಣ್ಣೆಗೂ ಆ ವಾಲ್ವ್‌ಗೂ ಈಗ ಸಂಪರ್ಕ ಇಲ್ಲ. ಯಾವ ಕಡೆ ಪ್ರೆಶರ್ ಇದೆ ಎಂದು ತಿಳಿಯಲು ಅದೇ ಪೈಪನ್ನು ಟ್ರ್ಯಾಕ್ಟರ್‌ನ ಬೇರೊಂದು ಫೀಮೇಲ್‌ಗೆ ಹಾಕಿ ನೋಡಿ: ಅಲ್ಲೂ ಹೋಗದಿದ್ದರೆ ಉಪಕರಣದ ಕಡೆ, ಅಲ್ಲಿ ಹೋದರೆ ಮೊದಲಿನ ಫೀಮೇಲ್ ಕಡೆ.

ಉಪಕರಣದ ಕಡೆ ಇದ್ದರೆ ಮೊದಲು ಪೈಪನ್ನು ನೆರಳಿಗೆ ಹಾಕಿ, ಒದ್ದೆ ಗೋಣಿ ಹೊದಿಸಿ ಅರ್ಧ ಗಂಟೆ ಬಿಡಿ. ಬಿಸಿಲಿನಿಂದ ಏರಿದ್ದು ಇಷ್ಟರಲ್ಲೇ ಇಳಿಯುತ್ತದೆ. ಇಳಿಯದಿದ್ದರೆ ಪ್ರೆಶರ್ ಬಿಡಲೆಂದೇ ಮಾಡಿದ ಸ್ಕ್ರೂ ಉಪಕರಣ ಹೈಡ್ರಾಲಿಕ್ ಪೈಪ್ ಅಂಗಡಿಗಳಲ್ಲಿ ಕೇಳಿ. ಅದನ್ನು ಮೇಲ್ ತುದಿಯ ಮೇಲೆ ಕೂರಿಸಿ ಹಿಡಿ ತಿರುಗಿಸಿದರೆ ಪಾಪೆಟ್ ನಿಧಾನಕ್ಕೆ ಒತ್ತಿಕೊಂಡು ಎಣ್ಣೆ ಪಕ್ಕದ ನಳಿಕೆಯಿಂದ ಡಬ್ಬಿಗೆ ಬೀಳುತ್ತದೆ. ಅದೂ ಸಿಗದಿದ್ದರೆ ಮೇಲೆ ಹೇಳಿದ ನಟ್ ಸಡಿಲಿಸುವ ಕ್ರಮ, ಅದೇ ಷರತ್ತಿನಲ್ಲಿ. ಪ್ರೆಶರ್ ಹೋದ ಮೇಲೆ ಎರಡೂ ತುದಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಮೊದಲು ವಾಪಸ್ ಪೈಪ್, ಆಮೇಲೆ ಪ್ರೆಶರ್ ಪೈಪ್ ಹಾಕಿ. ಕಾಲರ್ ‘ಟಿಕ್’ ಎಂದು ಮುಂದೆ ಬಂದು ಕೂತ ಮೇಲೆ ಪೈಪನ್ನು ಒಮ್ಮೆ ಹಿಂದಕ್ಕೆ ಎಳೆದು ನೋಡಿಯೇ ಎಂಜಿನ್ ಚಾಲೂ ಮಾಡಿ; ಅರ್ಧ ಕೂತ ಕಪ್ಲರ್‌ನಲ್ಲಿ ಪಾಪೆಟ್ ಪೂರ್ತಿ ತೆರೆಯದೆ ವಾಪಸ್ ಎಣ್ಣೆಗೆ ದಾರಿ ಮುಚ್ಚಿಕೊಂಡರೆ ಸಿಲಿಂಡರ್ ನಡುದಾರಿಯಲ್ಲೇ ನಿಲ್ಲುತ್ತದೆ, ಪ್ರೆಶರ್ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.